ದುರ್ಬಲ ಗುಣದಿಂದ ಶುರು ಮಾಡಿ: ಸಂಕರಣ, ವಂಶಾವಳಿ ಲೆಕ್ಕಗಳಿಗೆ ಒಂಬತ್ತು ಸೂತ್ರಗಳು

ಅನುವಂಶೀಯತೆಯ ಲೆಕ್ಕ ಕಂಡ ಕೂಡಲೇ ಪನ್ನೆಟ್ ಚೌಕ ಗೀಚುವ ಅಭ್ಯಾಸ ಬಹಳ ಮಕ್ಕಳಲ್ಲಿದೆ. ಚೌಕದೊಳಗೆ ತಪ್ಪು ಆಗುವುದು ಅಪರೂಪ. ಚೌಕದ ಅಂಚಿಗೆ ಏನು ಬರೆಯಬೇಕು ಎನ್ನುವಲ್ಲೇ ಲೆಕ್ಕ ಕೆಡುವುದು. ಹಾಗಾಗಿ ಚೌಕಕ್ಕೆ ಮೊದಲಿನ ಹೆಜ್ಜೆಗಳಿಗೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ಒಂದು ಗುಣದ ಲೆಕ್ಕದಿಂದ ಹೊರಟು ಎರಡು ಗುಣದ ಲೆಕ್ಕದವರೆಗೆ ಹೋಗೋಣ. ಎಸ್‌ಎಸ್‌ಎಲ್‌ಸಿಯವರಿಗೆ 1, 2, 3 ಮತ್ತು 7ನೇ ಸೂತ್ರ ಸಾಕು. ಪಿಯುಸಿಯವರು ಯಾವುದನ್ನೂ ಬಿಡುವಂತಿಲ್ಲ. ಪೆನ್ನು, ಹಾಳೆ ಪಕ್ಕದಲ್ಲಿರಲಿ. ಪ್ರಶ್ನೆ ಬಂದಾಗ ಉತ್ತರ ಓದುವ ಮೊದಲು ನೀವೇ ಬಿಡಿಸಿ ನೋಡಿ.

1. ಒಂದು ಜೀನ್‌ಗೆ ಒಂದೇ ಅಕ್ಷರ

ಬಟಾಣಿ ಗಿಡದ ಎತ್ತರಕ್ಕೆ T, ಗಿಡ್ಡಕ್ಕೆ D ಎಂದು ಬರೆದವರ ಲೆಕ್ಕ ಮೊದಲ ಸಾಲಿನಲ್ಲೇ ಮುಗ್ಗರಿಸುತ್ತದೆ. ಎತ್ತರ, ಗಿಡ್ಡ ಎರಡೂ ಒಂದೇ ಜೀನಿನ ಎರಡು ರೂಪಗಳು, ಅಂದರೆ ಅಲೀಲ್‌ಗಳು. ಅಕ್ಷರ ಒಂದೇ ಇರಬೇಕು: ಪ್ರಬಲ ರೂಪಕ್ಕೆ ದೊಡ್ಡಕ್ಷರ T, ದುರ್ಬಲ ರೂಪಕ್ಕೆ ಸಣ್ಣಕ್ಷರ t. ಕೈಬರಹದಲ್ಲಿ C ಮತ್ತು c, S ಮತ್ತು s ಒಂದೇ ಥರ ಕಾಣುತ್ತವೆ. ಪ್ರಶ್ನೆಯಲ್ಲೇ ಅಕ್ಷರ ಕೊಟ್ಟಿಲ್ಲವಾದರೆ A, B, R, T ಇಂಥವನ್ನು ಆರಿಸಿಕೊಳ್ಳಿ. ಯಾವ ಅಕ್ಷರ ಏನನ್ನು ಹೇಳುತ್ತದೆ ಎಂದು ಉತ್ತರದ ತಲೆಯ ಮೇಲೇ ಒಂದು ಸಾಲು ಬರೆದುಬಿಡಿ.

2. ದುರ್ಬಲ ಗುಣ ಕಾಣಿಸಿದವರನ್ನು ಮೊದಲು ಹಿಡಿಯಿರಿ

ಈ ಬರಹದ ಉಳಿದ ಸೂತ್ರಗಳೆಲ್ಲ ನಿಂತಿರುವುದು ಇದರ ಮೇಲೆಯೇ. ಎತ್ತರದ ಗಿಡ ನೋಡಿದರೆ ಅದು TT ಇರಬಹುದು, Tt ಇರಬಹುದು, ನೋಟದಿಂದ ಹೇಳಲಾಗದು. ಗಿಡ್ಡ ಗಿಡದಲ್ಲಿ ಅಂಥ ಅನುಮಾನಕ್ಕೆ ಎಡೆಯಿಲ್ಲ, ಅದು tt ಆಗಿರಲೇಬೇಕು. ಅಷ್ಟೇ ಅಲ್ಲ, ಅದರ ಒಂದು t ತಂದೆಯಿಂದ, ಇನ್ನೊಂದು t ತಾಯಿಯಿಂದ ಬಂದಿರಲೇಬೇಕು. ಒಂದು ಗಿಡ್ಡ ಸಸಿ ಸಿಕ್ಕರೆ ತಂದೆ ತಾಯಿ ಇಬ್ಬರ ಗುಟ್ಟೂ ಅರ್ಧ ಬಯಲಾದಂತೆ.

ಪ್ರಶ್ನೆ: ಎತ್ತರದ ಗಿಡವನ್ನು ಗಿಡ್ಡ ಗಿಡದ ಜೊತೆ ಸಂಕರಣ ಮಾಡಿದಾಗ 42 ಎತ್ತರದ, 39 ಗಿಡ್ಡ ಸಸಿಗಳು ಬಂದವು. ಎತ್ತರದ ಪೋಷಕ ಗಿಡದ ಜೀನೋಟೈಪ್ ಏನು?

ಗೊತ್ತಿರುವಷ್ಟನ್ನು ಮಾತ್ರ ಬರೆಯಿರಿ, ಗೊತ್ತಿಲ್ಲದ ಕಡೆ ಗೆರೆ ಎಳೆಯಿರಿ. ಎತ್ತರದ ಪೋಷಕ T_, ಗಿಡ್ಡ ಪೋಷಕ tt. ಗಿಡ್ಡ ಸಸಿಗಳು tt. ಅವುಗಳ ಒಂದು t ಎತ್ತರದ ಪೋಷಕದಿಂದಲೇ ಬರಬೇಕು. ಖಾಲಿ ಗೆರೆ ತುಂಬಿತು: Tt. ಹೀಗೆ ದುರ್ಬಲ ಗುಣದ ಗಿಡದೊಂದಿಗೆ ಮಾಡುವ ಸಂಕರಣವೇ ಪರೀಕ್ಷಾ ಸಂಕರಣ. 42 ಮತ್ತು 39 ಸಮನಾಗಿಲ್ಲವಲ್ಲ ಎಂದು ಚಿಂತೆ ಬೇಡ. 1:1 ಎನ್ನುವುದು ನಿರೀಕ್ಷೆ; ಎಣಿಕೆ ಅದರ ಆಸುಪಾಸಿನಲ್ಲಿದ್ದರೆ ಸರಿ.

3. ‘ಮೂರರಲ್ಲಿ ಎರಡು’ ಎಲ್ಲಿಂದ ಬರುತ್ತದೆಂದು ತಿಳಿದುಕೊಳ್ಳಿ

Tt × Tt ಸಂಕರಣದಲ್ಲಿ TT ಒಂದು ಪಾಲು, Tt ಎರಡು ಪಾಲು, tt ಒಂದು ಪಾಲು. ಇದು ಎಲ್ಲರಿಗೂ ಬಾಯಿಪಾಠ. ಈಗ ಪ್ರಶ್ನೆಯನ್ನು ಸ್ವಲ್ಪ ತಿರುಗಿಸುತ್ತೇನೆ: ಇದರಲ್ಲಿ ಹುಟ್ಟಿದ ಒಂದು ಎತ್ತರದ ಗಿಡವನ್ನು ಕೈಗೆತ್ತಿಕೊಂಡರೆ ಅದು Tt ಆಗಿರುವ ಸಂಭವ ಎಷ್ಟು?

ಹೆಚ್ಚಿನವರು 1/2 ಎನ್ನುತ್ತಾರೆ. ಸರಿಯುತ್ತರ 2/3. ಗಿಡ ಎತ್ತರವಾಗಿದೆ ಎಂದು ಕಣ್ಣಿಗೆ ಕಂಡ ಮೇಲೆ tt ಲೆಕ್ಕದಿಂದ ಹೊರಗೆ ಹೋಯಿತು. ಉಳಿದದ್ದು ಮೂರು ಪಾಲು, ಅದರಲ್ಲಿ ಎರಡು Tt.

ಮೆಂಡೆಲ್ ಇದನ್ನು ಊಹೆಗೆ ಬಿಡಲಿಲ್ಲ. 1866ರಲ್ಲಿ ಅಚ್ಚಾದ ಅವರ ಪ್ರಬಂಧದಲ್ಲಿ ಎರಡನೇ ಪೀಳಿಗೆಯ ಬೀಜಗಳ ಎಣಿಕೆಯಿದೆ: ದುಂಡು ಬೀಜ 5474, ಸುಕ್ಕು ಬೀಜ 1850. ಅನುಪಾತ 2.96:1. ಆಮೇಲೆ ದುಂಡು ಬೀಜಗಳಿಂದ ಬೆಳೆದ 565 ಗಿಡಗಳಲ್ಲಿ ಸ್ವಕೀಯ ಪರಾಗಸ್ಪರ್ಶ ಆಗಲು ಬಿಟ್ಟು ಅವುಗಳ ಕಾಯಿ ಬಿಡಿಸಿ ನೋಡಿದರು. 193 ಗಿಡಗಳು ಬರೀ ದುಂಡು ಬೀಜ ಕೊಟ್ಟವು. 372 ಗಿಡಗಳು ದುಂಡು, ಸುಕ್ಕು ಎರಡನ್ನೂ ಕೊಟ್ಟವು. ಹತ್ತಿರಹತ್ತಿರ ಒಂದಕ್ಕೆ ಎರಡು. 3:1ರ ಒಳಗೆ 1:2:1 ಅಡಗಿದೆ ಎನ್ನುವುದಕ್ಕೆ ಈ 565 ಗಿಡಗಳೇ ಸಾಕ್ಷಿ. ಪಠ್ಯಪುಸ್ತಕಗಳು ಈ ಎರಡನೇ ಎಣಿಕೆಗೆ ಇನ್ನಷ್ಟು ಜಾಗ ಕೊಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮನುಷ್ಯರ ವಂಶಾವಳಿ ಲೆಕ್ಕಕ್ಕೆ ಬೇಕಾಗುವುದು ಇದೇ.

4. ವಂಶಾವಳಿಯಲ್ಲಿ ಸಾಕ್ಷಿ ಹೇಳುವ ಒಂದು ಸಂಸಾರವನ್ನು ಹುಡುಕಿ

ಚೌಕ ಗಂಡು, ವೃತ್ತ ಹೆಣ್ಣು, ಬಣ್ಣ ತುಂಬಿದ್ದರೆ ಆ ಗುಣ ಇದೆ, ಇಬ್ಬರ ನಡುವೆ ಅಡ್ಡಗೆರೆ ಇದ್ದರೆ ದಂಪತಿ, ಜೋಡಿಗೆರೆ ಇದ್ದರೆ ರಕ್ತಸಂಬಂಧದಲ್ಲಿ ಮದುವೆ. ಇಷ್ಟು ಗೊತ್ತಿದ್ದರೆ ನಕ್ಷೆ ಓದಬಹುದು. ಆದರೆ ಇಡೀ ನಕ್ಷೆಯನ್ನು ಒಟ್ಟಿಗೆ ದಿಟ್ಟಿಸುತ್ತ ಕೂರಬೇಡಿ. ತಂದೆ, ತಾಯಿ, ಮಗು, ಈ ಮೂವರ ಪುಟ್ಟ ಗುಂಪುಗಳನ್ನು ಒಂದೊಂದಾಗಿ ನೋಡುತ್ತ ಹೋಗಿ.

ತಂದೆ ತಾಯಿ ಇಬ್ಬರಲ್ಲೂ ಗುಣ ಇಲ್ಲ, ಮಗುವಿನಲ್ಲಿದೆ: ಗುಣ ದುರ್ಬಲ. ಇಬ್ಬರಲ್ಲೂ ಗುಣ ಇದೆ, ಮಗುವಿನಲ್ಲಿಲ್ಲ: ಗುಣ ಪ್ರಬಲ. ದುರ್ಬಲ ಎಂದು ತೀರ್ಮಾನವಾದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಗುಣ ಇಲ್ಲದ ಅಪ್ಪನಿಗೆ ಗುಣ ಇರುವ ಮಗಳು ಇದ್ದಾಳೆಯೇ? ಇದ್ದರೆ ಆ ಜೀನ್ X ವರ್ಣತಂತುವಿನ ಮೇಲಿಲ್ಲ. ಮಗಳು ಅಪ್ಪನ ಒಂದೇ ಒಂದು X ಅನ್ನು ಪಡೆದಿರುತ್ತಾಳೆ. ಅದರಲ್ಲಿ ದೋಷದ ಅಲೀಲ್ ಇದ್ದಿದ್ದರೆ ಅಪ್ಪನಲ್ಲೇ ಅದು ಕಾಣಬೇಕಿತ್ತು. ಹಾಗೆಯೇ ಗುಣ ಇರುವ ಅಮ್ಮನಿಗೆ ಗುಣ ಇಲ್ಲದ ಒಬ್ಬ ಮಗ ಇದ್ದರೂ X ಮೇಲಿನ ದುರ್ಬಲ ಗುಣ ಎಂಬ ವಾದ ಬಿದ್ದುಹೋಗುತ್ತದೆ.

‘ಗಂಡಸರಲ್ಲೇ ಹೆಚ್ಚು ಕಾಣುತ್ತದೆ, ಆದ್ದರಿಂದ X ಸಂಬಂಧಿ’ ಎಂದು ಬರೆಯುವವರಿದ್ದಾರೆ. ಹತ್ತು ಜನರ ನಕ್ಷೆಯಲ್ಲಿ ಮೂವರು ಗಂಡಸರಿಗೆ ಗುಣ ಬಂದಿರುವುದು ಆಕಸ್ಮಿಕವೂ ಆಗಿರಬಹುದು. ‘ಪ್ರತಿ ತಲೆಮಾರಿನಲ್ಲೂ ಇದೆ, ಆದ್ದರಿಂದ ಪ್ರಬಲ’ ಎನ್ನುವುದೂ ಸುಳಿವಷ್ಟೇ, ಪುರಾವೆಯಲ್ಲ. ಪುರಾವೆ ಕೊಡುವ ಮೂವರನ್ನು ನಕ್ಷೆಯಲ್ಲಿ ಗುರುತು ಮಾಡಿ, ಉತ್ತರದಲ್ಲಿ ಅವರನ್ನೇ ಹೆಸರಿಸಿ.

5. ಜೋಡಿಗೆರೆ ಕಂಡಲ್ಲಿ ನಿಧಾನಿಸಿ

ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು, ಅತ್ತೆ ಮಗಳನ್ನು ಮದುವೆಯಾಗುವುದು ಹೊಸ ಸಂಗತಿಯಲ್ಲ. ಹಾಗಾಗಿ ಈ ಲೆಕ್ಕ ಪರೀಕ್ಷೆಯ ಆಚೆಗೂ ನಮ್ಮ ಮನೆಗಳಿಗೆ ತಾಗುವಂಥದ್ದು. ಪೂರ್ತಿ ಬಿಡಿಸೋಣ.

ಪ್ರಶ್ನೆ: ಅಜ್ಜ, ಅಜ್ಜಿ ಇಬ್ಬರ ಮೈಬಣ್ಣವೂ ಸಾಮಾನ್ಯ. ಅವರಿಗೆ ಮೂವರು ಮಕ್ಕಳು. ಹಿರಿಮಗನಿಗೆ ಆಲ್ಬಿನಿಸಂ ಇದೆ. ಚರ್ಮ, ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಅವನಲ್ಲಿ ತಯಾರಾಗುವುದಿಲ್ಲ. ಮಗಳಿಗೂ ಕಿರಿಮಗನಿಗೂ ಆ ಗುಣ ಇಲ್ಲ. ಮಗಳನ್ನು ಸಂಬಂಧವಿಲ್ಲದ ಮನೆಗೆ ಕೊಟ್ಟರು; ಆ ಅಳಿಯನಲ್ಲಿ ಈ ಅಲೀಲ್ ಇಲ್ಲ ಎಂದುಕೊಳ್ಳಿ. ಅವರಿಗೆ ಹುಟ್ಟಿದ ಹುಡುಗಿಯನ್ನು ಕಿರಿಮಗ, ಅಂದರೆ ಅವಳ ಸೋದರಮಾವ, ಮದುವೆಯಾದ. ಇವರ ಮೊದಲ ಮಗುವಿಗೆ ಆಲ್ಬಿನಿಸಂ ಬರುವ ಸಂಭವ ಎಷ್ಟು?

ಎರಡನೇ ಸೂತ್ರದಂತೆ ದುರ್ಬಲ ಗುಣದವನಿಂದ ಶುರು. ಹಿರಿಮಗ aa. ಆದ್ದರಿಂದ ಅಜ್ಜ Aa, ಅಜ್ಜಿ Aa. ಇದರಲ್ಲಿ ಅನುಮಾನವಿಲ್ಲ.

ಸೋದರಮಾವ Aa × Aa ದಂಪತಿಯ ಮಗ, ಗುಣ ಕಾಣದವನು. ಅವನು ವಾಹಕ ಆಗಿರುವ ಸಂಭವ ಮೂರನೇ ಸೂತ್ರದಂತೆ 2/3. ಹುಡುಗಿಯ ಅಮ್ಮನದ್ದೂ ಅದೇ ಕಥೆ, 2/3. ಅಮ್ಮ ವಾಹಕಳಾಗಿದ್ದರೆ a ಅಲೀಲ್ ಹುಡುಗಿಗೆ ದಾಟುವ ಸಂಭವ 1/2. ಆದ್ದರಿಂದ ಹುಡುಗಿ ವಾಹಕ ಆಗಿರುವ ಸಂಭವ 2/3 × 1/2 = 1/3. ಗಮನಿಸಿ, ಇಲ್ಲಿ 2/3 ಬರುವುದಿಲ್ಲ. ಅವಳ ಅಪ್ಪ AA, ಅವಳು aa ಆಗುವ ಸಾಧ್ಯತೆಯೇ ಇರಲಿಲ್ಲ, ಹಾಗಾಗಿ ತೆಗೆದುಹಾಕಲು ಏನೂ ಇಲ್ಲ. 2/3 ಬಳಸುವುದು ತಂದೆ ತಾಯಿ ಇಬ್ಬರೂ ವಾಹಕರಾಗಿದ್ದಾಗ ಮಾತ್ರ.

ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಮಗು aa ಆಗುವ ಸಂಭವ 1/4. ಮೂರನ್ನೂ ಗುಣಿಸಿ:

2/3 × 1/3 × 1/4 = 2/36 = 1/18

ಈಗ ಅದೇ ಕಿರಿಮಗ ಸಂಬಂಧವಿಲ್ಲದ ಹುಡುಗಿಯನ್ನು ಮದುವೆಯಾಗಿದ್ದರೆ? ಆ ಊರಿನಲ್ಲಿ 70 ಜನರಿಗೆ ಒಬ್ಬರು ವಾಹಕರು ಎಂದು ಪ್ರಶ್ನೆಯಲ್ಲಿ ಕೊಟ್ಟಿದ್ದಾರೆ ಎನ್ನಿ. 2/3 × 1/70 × 1/4 = 1/420. ಹದಿನೆಂಟಕ್ಕೆ ಒಂದು ಎಲ್ಲಿ, ನಾನೂರ ಇಪ್ಪತ್ತಕ್ಕೆ ಒಂದು ಎಲ್ಲಿ! ಸೋದರಿಕೆಯ ಮದುವೆ ಹೊಸದಾಗಿ ದೋಷ ಹುಟ್ಟುಹಾಕುವುದಿಲ್ಲ. ಅಜ್ಜ ಅಜ್ಜಿಯಲ್ಲಿ ಅಡಗಿದ್ದ ಅಲೀಲ್ ಎರಡು ದಾರಿಯಿಂದ ಇಳಿದು ಒಂದೇ ಮಗುವಿನಲ್ಲಿ ಸೇರುವ ಅವಕಾಶವನ್ನು ಹೆಚ್ಚಿಸುತ್ತದೆ. ನಕ್ಷೆಯಲ್ಲಿ ಆ ಎರಡು ದಾರಿಗಳನ್ನು ಬೆರಳಿನಿಂದ ಎಳೆದು ನೋಡಿದರೆ ಮತ್ತೆ ಮರೆಯುವುದಿಲ್ಲ.

ಪ್ರಶ್ನೆಯ ಬಾಲ ಇನ್ನೂ ಇದೆ. ಆ ದಂಪತಿಯ ಮೊದಲ ಮಗುವಿಗೆ ಆಲ್ಬಿನಿಸಂ ಬಂದೇಬಿಟ್ಟಿತು ಎಂದುಕೊಳ್ಳಿ. ಎರಡನೇ ಮಗುವಿಗೆ ಬರುವ ಸಂಭವ? ಮತ್ತೆ 1/18 ಎಂದು ಬರೆದರೆ ತಪ್ಪು. ಮೊದಲ ಮಗು aa ಆಗಿರುವುದರಿಂದ ಅಪ್ಪ ಅಮ್ಮ ಇಬ್ಬರೂ ವಾಹಕರೆಂಬುದು ಈಗ ಖಚಿತ. 2/3 ಮತ್ತು 1/3 ಎರಡೂ 1 ಆದವು. ಉತ್ತರ 1/4.

6. X ಲೆಕ್ಕದಲ್ಲಿ ‘ಮಕ್ಕಳು’, ‘ಗಂಡುಮಕ್ಕಳು’ ಎರಡೂ ಬೇರೆ

ಇಲ್ಲಿ ಅಲೀಲನ್ನು X ತಲೆಯ ಮೇಲೇ ಹೊರಿಸಿ: Xᴮ ಸಾಮಾನ್ಯ ದೃಷ್ಟಿ, Xᵇ ವರ್ಣಾಂಧತೆ. Y ಬರಿದಾಗಿರಲಿ.

ಪ್ರಶ್ನೆ: ಒಬ್ಬ ಮಹಿಳೆಯ ದೃಷ್ಟಿ ಸಾಮಾನ್ಯ, ಅವಳ ಅಪ್ಪನಿಗೆ ವರ್ಣಾಂಧತೆ ಇತ್ತು. ಗಂಡನ ದೃಷ್ಟಿ ಸಾಮಾನ್ಯ. ಮಕ್ಕಳ ಗತಿ ಏನು?

ಅಪ್ಪನ ಒಂದೇ X ಅವಳಿಗೆ ಬಂದಿದೆ, ಆದ್ದರಿಂದ ಅವಳು XᴮXᵇ. ಇಲ್ಲಿ ಸಂಭವದ ಮಾತೇ ಇಲ್ಲ. ಗಂಡ XᴮY. ಮಕ್ಕಳು XᴮXᴮ, XᴮXᵇ, XᴮY, XᵇY ಸಮಪಾಲು. ‘ಮಗನಿಗೆ ವರ್ಣಾಂಧತೆ ಬರುವ ಸಂಭವ’ ಕೇಳಿದರೆ 1/2. ‘ಹುಟ್ಟುವ ಮಗು ವರ್ಣಾಂಧತೆಯುಳ್ಳ ಗಂಡಾಗಿರುವ ಸಂಭವ’ ಕೇಳಿದರೆ 1/4. ಮೊದಲನೆಯದರಲ್ಲಿ ಗಂಡು ಎಂಬುದು ಆಗಲೇ ಗೊತ್ತಿದೆ, ಎರಡನೆಯದರಲ್ಲಿ ಅದೂ ಲೆಕ್ಕದೊಳಗೆ ಬರಬೇಕು. ಪ್ರಶ್ನೆಯಲ್ಲಿ ಆ ಪದದ ಕೆಳಗೆ ಗೆರೆ ಎಳೆದುಕೊಳ್ಳಿ.

ಅಪ್ಪನ X ಮಗನಿಗೆ ಹೋಗುವುದಿಲ್ಲ, ಎಲ್ಲ ಹೆಣ್ಣುಮಕ್ಕಳಿಗೂ ಹೋಗುತ್ತದೆ. ಬ್ರಿಟನ್ನಿನ ರಾಣಿ ವಿಕ್ಟೋರಿಯಾಳ ಮಗ ಲಿಯೊಪೋಲ್ಡ್‌ನಿಗೆ ಹೀಮೋಫಿಲಿಯಾ ಇತ್ತು. ಅವನ ಮಗ ಚಾರ್ಲ್ಸ್ ಎಡ್ವರ್ಡ್‌ಗೆ ಅದು ಬರಲಿಲ್ಲ. ಮಗಳು ಆಲಿಸ್ ವಾಹಕಳಾದಳು, ಅವಳ ಮಗ ರೂಪರ್ಟ್‌ನಲ್ಲಿ ಕಾಯಿಲೆ ಮತ್ತೆ ಕಾಣಿಸಿತು. ಅಜ್ಜನಿಂದ ಮಗಳ ಮೂಲಕ ಮೊಮ್ಮಗನಿಗೆ: ಈ ದಾರಿ ನಕ್ಷೆಯಲ್ಲಿ ಕಂಡರೆ X ಮೇಲಿನ ದುರ್ಬಲ ಗುಣವನ್ನು ಶಂಕಿಸಿ, ಆಮೇಲೆ ನಾಲ್ಕನೇ ಸೂತ್ರದಿಂದ ಪರೀಕ್ಷಿಸಿ.

7. ಎರಡು ಗುಣದ ಲೆಕ್ಕವನ್ನು ಎರಡು ಲೆಕ್ಕವಾಗಿ ಸೀಳಿ

ಹದಿನಾರು ಮನೆಯ ಚೌಕವನ್ನು ಒಮ್ಮೆ ಕೈಯಾರೆ ತುಂಬಿ ಅರ್ಥ ಮಾಡಿಕೊಳ್ಳಿ. ಪರೀಕ್ಷೆಯಲ್ಲಿ ಚೌಕ ಬರೆಯಿರಿ ಎಂದು ಕೇಳಿದರೆ ಬರೆಯಿರಿ. ಆಗ ನೆನಪಿಡಬೇಕಾದ್ದು, RrYy ಗಿಡದ ಲಿಂಗಾಣುಗಳು RY, Ry, rY, ry. Rr ಒಂದು ಲಿಂಗಾಣು, Yy ಇನ್ನೊಂದು ಎಂದು ಬರೆದರೆ ಅಂಕ ಹೋಯಿತು. ಪ್ರತಿ ಲಿಂಗಾಣುವಿನಲ್ಲೂ ಎರಡೂ ಜೀನುಗಳ ಒಂದೊಂದು ಅಲೀಲ್ ಇರಬೇಕು.

ಉಳಿದ ಸಂದರ್ಭಗಳಲ್ಲಿ ಗುಣಾಕಾರವೇ ಚೆಂದ. ದುಂಡು R, ಸುಕ್ಕು r. ಹಳದಿ Y, ಹಸಿರು y. RrYy × Rryy ಸಂಕರಣದಲ್ಲಿ ದುಂಡು ಹಳದಿ ಬೀಜ ಎಷ್ಟು ಪಾಲು? Rr × Rr ಅಂದರೆ ದುಂಡು 3/4. Yy × yy ಅಂದರೆ ಹಳದಿ 1/2. ಗುಣಿಸಿದರೆ 3/8. ಒಂದೇ ಸಾಲು, ಮುಗಿಯಿತು.

ಕಷ್ಟವೆನಿಸುವುದು ತಿರುಗುಮುರುಗು ಪ್ರಶ್ನೆ.

ಪ್ರಶ್ನೆ: ಒಂದು ಸಂಕರಣದಲ್ಲಿ ದುಂಡು ಹಳದಿ 62, ದುಂಡು ಹಸಿರು 58, ಸುಕ್ಕು ಹಳದಿ 21, ಸುಕ್ಕು ಹಸಿರು 19 ಬೀಜಗಳು ಬಂದವು. ಪೋಷಕಗಳ ಜೀನೋಟೈಪ್ ಏನು?

ನಾಲ್ಕು ಸಂಖ್ಯೆಗಳನ್ನು ನೋಡಿ 9:3:3:1 ಹುಡುಕಲು ಹೋಗಬೇಡಿ. ಮೊದಲು ಬಣ್ಣವನ್ನು ಮರೆತು ಆಕಾರ ಕೂಡಿಸಿ: ದುಂಡು 62 + 58 = 120, ಸುಕ್ಕು 21 + 19 = 40. ಇದು 3:1, ಹಾಗಾದರೆ Rr × Rr. ಈಗ ಆಕಾರವನ್ನು ಮರೆತು ಬಣ್ಣ ಕೂಡಿಸಿ: ಹಳದಿ 62 + 21 = 83, ಹಸಿರು 58 + 19 = 77. ಇದು ಸುಮಾರು 1:1, ಹಾಗಾದರೆ Yy × yy. ಪೋಷಕಗಳು RrYy ಮತ್ತು Rryy. ತಾಳೆ ನೋಡಲು ಒಟ್ಟು 160ರಲ್ಲಿ 3/8, 3/8, 1/8, 1/8 ತೆಗೆಯಿರಿ: 60, 60, 20, 20. ಎಣಿಕೆ ಹತ್ತಿರದಲ್ಲೇ ಇದೆ.

ಮೆಂಡೆಲ್ ತಮ್ಮ 556 ಬೀಜಗಳನ್ನು ಹೀಗೆಯೇ ಓದಿದರು. 315, 108, 101, 32 ಎಂಬ ಅವರ ಎಣಿಕೆಯಲ್ಲಿ ದುಂಡು 423, ಸುಕ್ಕು 133. ಹಳದಿ 416, ಹಸಿರು 140. ಎರಡೂ ಕಡೆ 3:1ರ ಆಸುಪಾಸು. ಒಂದು ಗುಣ ಇನ್ನೊಂದರ ತಂಟೆಗೆ ಹೋಗದೆ ತನ್ನ ಪಾಡಿಗೆ ಹಂಚಿಕೆಯಾಗಿದೆ ಎಂದು ತಿಳಿದದ್ದು ಈ ಕೂಡುವಿಕೆಯಿಂದಲೇ.

8. ಮನುಷ್ಯರಲ್ಲಿ ಎರಡು ಗುಣ: ಗಂಡು ಹೆಣ್ಣಿನ ಪಟ್ಟಿ ಬೇರೆ ಮಾಡಿ

ಪ್ರಶ್ನೆ: ಹೆಂಡತಿಯಲ್ಲಿ ಆಲ್ಬಿನಿಸಂ ಆಗಲಿ ವರ್ಣಾಂಧತೆ ಆಗಲಿ ಇಲ್ಲ, ಅವಳ ಅಮ್ಮನಿಗೆ ಆಲ್ಬಿನಿಸಂ, ಅಪ್ಪನಿಗೆ ವರ್ಣಾಂಧತೆ. ಗಂಡನಲ್ಲೂ ಎರಡೂ ಇಲ್ಲ, ಆದರೆ ಅವನ ಅಮ್ಮನಿಗೆ ಆಲ್ಬಿನಿಸಂ. ಮಕ್ಕಳಲ್ಲಿ ಏನೇನು ನಿರೀಕ್ಷಿಸಬಹುದು?

ಹೆಂಡತಿ Aa XᴮXᵇ, ಗಂಡ Aa XᴮY. ಎರಡೂ ದುರ್ಬಲ ಗುಣದ ಹಿರಿಯರಿಂದ ನೇರವಾಗಿ ಸಿಕ್ಕಿತು. ಆಲ್ಬಿನಿಸಂ 1/4. ವರ್ಣಾಂಧತೆ ಒಟ್ಟು ಮಕ್ಕಳಲ್ಲಿ 1/4. ಎರಡೂ ಇರುವ ಮಗು 1/16, ಎರಡೂ ಇಲ್ಲದ ಮಗು 9/16.

ಮೇಲ್ನೋಟಕ್ಕೆ ಇದು ಮೆಂಡೆಲ್ಲರ 9:3:3:1 ಅನುಪಾತವೇ. ಆದರೆ ಆ ಉತ್ತರದಲ್ಲಿ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತೆ. ಹೆಣ್ಣುಮಕ್ಕಳಲ್ಲಿ ಒಬ್ಬಳಿಗೂ ವರ್ಣಾಂಧತೆ ಇರುವುದಿಲ್ಲ. ಅವರಲ್ಲಿ ಆಲ್ಬಿನಿಸಂ ಇಲ್ಲದವರು 3/4, ಇರುವವರು 1/4. ಗಂಡುಮಕ್ಕಳಲ್ಲಿ ಎರಡೂ ಇಲ್ಲದವರು 3/4 × 1/2 = 3/8, ವರ್ಣಾಂಧತೆ ಮಾತ್ರ 3/8, ಆಲ್ಬಿನಿಸಂ ಮಾತ್ರ 1/8, ಎರಡೂ ಇರುವವರು 1/8. ‘ಮಗನಿಗೆ ಎರಡೂ ಬರುವ ಸಂಭವ’ ಎಂದರೆ 1/8. ‘ಮಗುವಿಗೆ’ ಎಂದರೆ 1/16. ಆರನೇ ಸೂತ್ರದ ಗೆರೆ ಇಲ್ಲೂ ಎಳೆಯಬೇಕು.

9. ಗುಣಿಸುವ ಮುನ್ನ ಜೀನುಗಳು ಬೇರೆ ಬೇರೆ ಇವೆಯೇ ಎಂದು ನೋಡಿ

ಗುಣಾಕಾರ ನಡೆಯುವುದು ಎರಡು ಜೀನುಗಳು ಸ್ವತಂತ್ರವಾಗಿ ಹಂಚಿಕೆಯಾದಾಗ ಮಾತ್ರ. ಒಂದೇ ವರ್ಣತಂತುವಿನ ಮೇಲೆ ಹತ್ತಿರ ಕೂತಿದ್ದರೆ ಅವು ಒಟ್ಟಿಗೆ ಸಾಗುತ್ತವೆ.

ಪ್ರಶ್ನೆ: DdEe × ddee ಪರೀಕ್ಷಾ ಸಂಕರಣದಲ್ಲಿ ನೂರು ಸಸಿಗಳು: DdEe 41, Ddee 9, ddEe 11, ddee 39. ಏನು ತಿಳಿಯಿತು?

ಏಳನೇ ಸೂತ್ರದಂತೆ ಕೂಡಿಸಿ. Dd 50, dd 50. Ee 52, ee 48. ಒಂದೊಂದೇ ಗುಣವಾಗಿ ನೋಡಿದರೆ ಎರಡೂ 1:1, ತಪ್ಪೇನೂ ಕಾಣದು. ಆದರೆ ಸ್ವತಂತ್ರವಾಗಿದ್ದರೆ ನಾಲ್ಕೂ ಬಗೆ 25ರ ಆಸುಪಾಸು ಇರಬೇಕಿತ್ತು. ಎರಡು ಬಗೆ ತುಂಬಾ ಹೆಚ್ಚು, ಎರಡು ಬಗೆ ತುಂಬಾ ಕಡಿಮೆ. ಬಿಡಿಬಿಡಿಯಾಗಿ ಸರಿ, ಜೋಡಿಯಾಗಿ ತಪ್ಪು ಎಂದರೆ ಅದು ಸಹಲಗ್ನತೆಯ ಗುರುತು. ಹೆಚ್ಚು ಬಂದ DE ಮತ್ತು de ಪೋಷಕದಲ್ಲಿ ಮೊದಲೇ ಒಟ್ಟಿಗಿದ್ದ ಜೋಡಿಗಳು. ಕಡಿಮೆ ಬಂದ De ಮತ್ತು dE ವರ್ಣತಂತುಗಳು ತುಂಡು ಅದಲುಬದಲು ಮಾಡಿಕೊಂಡಾಗ ಹುಟ್ಟಿದ ಹೊಸ ಜೋಡಿಗಳು. 9 + 11 = 20, ಅಂದರೆ ಮರುಸಂಯೋಜನೆ ಶೇ. 20.

ಮಾರ್ಗನ್ ಹಣ್ಣಿನ ನೊಣಗಳಲ್ಲಿ ಕಂಡದ್ದು ಇದನ್ನೇ. ಹಳದಿ ಮೈ, ಬಿಳಿ ಕಣ್ಣು ಈ ಎರಡು ಜೀನುಗಳ ನಡುವೆ ಮರುಸಂಯೋಜನೆ ಶೇ. 1.3 ಮಾತ್ರ, ಬಿಳಿ ಕಣ್ಣು, ಪುಟಾಣಿ ರೆಕ್ಕೆಯ ನಡುವೆ ಶೇ. 37.2. ಮೊದಲ ಜೋಡಿ X ವರ್ಣತಂತುವಿನ ಮೇಲೆ ಅಕ್ಕಪಕ್ಕ ಇದೆ, ಎರಡನೆಯದು ದೂರದಲ್ಲಿದೆ. ಶೇ. 50 ತಲುಪಿದರೆ ಎಣಿಕೆ ಮತ್ತೆ 1:1:1:1ಕ್ಕೆ ಮರಳುತ್ತದೆ. ಆಗ ಎರಡು ಜೀನುಗಳು ಬೇರೆ ವರ್ಣತಂತುಗಳ ಮೇಲಿವೆಯೋ, ಒಂದೇ ವರ್ಣತಂತುವಿನ ದೂರದ ತುದಿಗಳಲ್ಲಿವೆಯೋ ಎಂಬುದನ್ನು ಈ ಒಂದು ಸಂಕರಣದಿಂದ ಹೇಳಲಾಗದು.